ಹೊಗೆ ಬಂದ ಮೇಲೆ ಲೇಬಲ್ ಓದಿದೆ

ಕಳೆದ ದೀಪಾವಳಿಯ ನೀರು ತುಂಬೋ ಹಬ್ಬದ ದಿನ ಅಜ್ಜಂಪುರದ ನಮ್ಮ ಮನೆಯ ಅಡುಗೆಮನೆಯಲ್ಲಿ ಎಣ್ಣೆ ಹಾಲಿನ ಥರ ಉಕ್ಕಿತು. ಉತ್ಪ್ರೇಕ್ಷೆ ಅಲ್ಲ, ನಿಜವಾಗಿಯೂ ಉಕ್ಕಿತು. ಮೊದಲ ನಾಲ್ಕು ಚಕ್ಕುಲಿ ಬಿಟ್ಟ ತಕ್ಷಣ ಬಾಣಲೆ ತುಂಬ ಬಿಳಿ ನೊರೆ ಎದ್ದು ಅಂಚಿನಿಂದ ಒಲೆ ಮೇಲೆ ಇಳಿಯಿತು. ಕೆಳಗಿನ ಉರಿ ಒಂದು ಕ್ಷಣ ಮೇಲಕ್ಕೆ ಹತ್ತಿತು. ಅಮ್ಮ ಸಿಲಿಂಡರ್ ಆಫ್ ಮಾಡಲು ಕೈ ಚಾಚಿದಾಗ ಮಣಿಕಟ್ಟಿನ ಮೇಲೆ ಎಣ್ಣೆ ಬಿತ್ತು.

"ಏನೇ ಇದು, ಎಂಥ ಎಣ್ಣೆ ತಂದಿದೀಯ!"

ನಲ್ಲಿ ನೀರಿನ ಕೆಳಗೆ ಇಪ್ಪತ್ತು ನಿಮಿಷ ಕೈ ಹಿಡಿಸಿ ಕೂರಿಸಿದೆ. ಸದ್ಯ ದೊಡ್ಡ ಗಾಯ ಆಗಲಿಲ್ಲ, ಒಂದು ರೂಪಾಯಿ ನಾಣ್ಯದಷ್ಟು ಬೊಬ್ಬೆ. ಆದರೆ ಅಮ್ಮನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕೆಂದರೆ ಆ ಎಣ್ಣೆ ನಾನೇ ಹಠ ಮಾಡಿ ತಂದದ್ದು. "ಪ್ಯಾಕೆಟ್ ಎಣ್ಣೆ ಬೇಡಮ್ಮ, ಎಲ್ಲ ಕೆಮಿಕಲ್ಲು" ಅಂತ ಭಾಷಣ ಮಾಡಿ, ಬೆಂಗಳೂರಿಂದ ಬರುವಾಗ ಕಡೂರಿನ ಬಳಿ ಇಳಿದು, ಅವತ್ತೇ ಆಡಿದ ಮರದ ಗಾಣದ ಕಡಲೆಕಾಯಿ ಎಣ್ಣೆ ಐದು ಲೀಟರ್ ಕ್ಯಾನಿನಲ್ಲಿ ಹೊತ್ತು ತಂದಿದ್ದೆ. ಫೋನಿನಲ್ಲಿ ನೋಡಿದ ಚಾರ್ಟಿನಲ್ಲಿ ಕಡಲೆಕಾಯಿ ಎಣ್ಣೆಯ ಸ್ಮೋಕ್ ಪಾಯಿಂಟ್ 230 ಡಿಗ್ರಿ ಅಂತ ಇತ್ತು. ಅಂದರೆ ಕರಿಯಲು ಬೇಕಾದ್ದಕ್ಕಿಂತ ಐವತ್ತು ಡಿಗ್ರಿ ಜಾಸ್ತಿ. ಇನ್ನೇನು ಬೇಕು ಅಂದುಕೊಂಡಿದ್ದೆ.

ಹಬ್ಬ ಮುಗಿಸಿ ವಾಪಸ್ ಹೋಗುವಾಗ ಅದೇ ಗಾಣಕ್ಕೆ ಹೋದೆ, ಸ್ವಲ್ಪ ಜಗಳ ಆಡೋ ಮನಸ್ಸಿನಲ್ಲೇ. ಯಜಮಾನರು ಕ್ಯಾನಿನಲ್ಲಿ ಉಳಿದ ಎಣ್ಣೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಮಬ್ಬಾಗಿದೆ ಅಲ್ವೇನಮ್ಮ? ಇದನ್ನ ಅವತ್ತೇ ಬಾಣಲೆಗೆ ಹಾಕಿದ್ರಾ? ಒಗ್ಗರಣೆಗೆ ಅಂದ್ಕೊಂಡೆ. ಕರಿಯಾಕೆ ಅಂದಿದ್ರೆ ಕೊಡ್ತಾನೇ ಇರ್ಲಿಲ್ಲ." ನಾನು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ. ಜಗಳದ ಬದಲು ಅರ್ಧ ಗಂಟೆ ಅಲ್ಲೇ ನಿಂತು ಗಾಣ ಆಡೋದನ್ನು ನೋಡಿದೆ.

ಎತ್ತಿನ ಬದಲು ಈಗ ಮೋಟಾರು. ಅಮೃತಮಹಲ್ ತಳಿ ಕೇಂದ್ರ ಇರುವ ಊರಿನ ಮಗಳು ಎತ್ತಿಲ್ಲದ ಗಾಣ ನೋಡಿ ಸ್ವಲ್ಪ ಬೇಜಾರು ಮಾಡಿಕೊಂಡಳು, ಇರಲಿ. ಕೆಲಸ ಮಾತ್ರ ಹಳೆಯದೇ. ಮರದ ಒರಳಿನಲ್ಲಿ ಮರದ ಒನಕೆ ನಿಧಾನ ತಿರುಗುತ್ತೆ, ಬೀಜ ಅರೆದು ಎಣ್ಣೆ ಬಿಡುತ್ತೆ. ನಿಧಾನ ಆದ್ದರಿಂದ ಬಿಸಿ ಕಡಿಮೆ, ಕೈಯಲ್ಲಿ ಮುಟ್ಟಿದರೆ ಉಗುರುಬೆಚ್ಚಗಿಗಿಂತ ಸ್ವಲ್ಪ ಹೆಚ್ಚು ಅಷ್ಟೆ. 'ಕೋಲ್ಡ್ ಪ್ರೆಸ್ಡ್' ಅನ್ನೋ ಮಾತಿನ ಅರ್ಥ ಇಷ್ಟೇ, ತಣ್ಣಗೆ ಅಂತಲ್ಲ. ನಾನು ಗಮನಿಸದೇ ಹೋಗಬಹುದಾಗಿದ್ದ ಒಂದು ಸಂಗತಿಯನ್ನು ಅವರೇ ತೋರಿಸಿದರು. ಅರೆಯುವಾಗ ನಡುನಡುವೆ ಒಂದಿಷ್ಟು ನೀರು ಚಿಮುಕಿಸುತ್ತಾರೆ. ಇಲ್ಲದಿದ್ದರೆ ಹಿಂಡಿ ಗಟ್ಟಿಯಾಗಿ ಕೂರಲ್ಲ, ಎಣ್ಣೆ ಬೇರೆಯಾಗಿ ಬಿಡಲ್ಲ. ಆ ನೀರಿನ ಒಂದು ಪಾಲು ಎಣ್ಣೆಯ ಜೊತೆಗೇ ಬರುತ್ತೆ. ಬೀಜದ ಪುಡಿಯೂ ಬರುತ್ತೆ. ಜೊತೆಗೆ ಬೀಜದಲ್ಲಿರುವ ಲೆಸಿಥಿನ್ ಥರದ ಅಂಟು ಪದಾರ್ಥವೂ ಬರುತ್ತೆ.

ನಮ್ಮ ಬಾಣಲೆಯಲ್ಲಿ ಆಗಿದ್ದು ಈ ಮೂರರ ಕೆಲಸ. ನೀರು ಆವಿಯಾಗಿ ಗುಳ್ಳೆ ಎಬ್ಬಿಸಿತು. ಲೆಸಿಥಿನ್ ಸೋಪಿನ ಹಾಗೆ ಆ ಗುಳ್ಳೆ ಒಡೆಯದಂತೆ ಹಿಡಿದಿಟ್ಟಿತು. ಪುಡಿ ತಳಕ್ಕೆ ಕೂತು ಸೀಯಲು ಶುರುವಾಗಿ, ಎಣ್ಣೆ ಇನ್ನೂ ಅಷ್ಟೇನೂ ಕಾಯುವ ಮೊದಲೇ ಹೊಗೆ ಬಂತು. ಚಕ್ಕುಲಿ ಹಿಟ್ಟಿನ ನೀರು ಬೇರೆ ಸೇರಿತು. ಬಾಣಲೆಯನ್ನು ಮುಕ್ಕಾಲು ತುಂಬಿಸಿದ್ದು ನಮ್ಮ ತಪ್ಪು. ಕರಿಯುವ ಬಾಣಲೆಗೆ ಅರ್ಧಕ್ಕಿಂತ ಹೆಚ್ಚು ಎಣ್ಣೆ ಹಾಕಬಾರದು.

ಗಾಣದವರು ಹೇಳಿದ ಪರಿಹಾರ ಸರಳ. ಆಡಿದ ಎಣ್ಣೆಯನ್ನು ಸ್ಟೀಲ್ ಡ್ರಮ್ಮಿನಲ್ಲಿ ಐದಾರು ದಿನ, ಸಾಧ್ಯವಾದರೆ ಒಂದು ವಾರ, ಅಲುಗಾಡಿಸದೆ ಬಿಡಬೇಕು. ಗಸಿ ಕೆಳಗೆ ಕೂರುತ್ತೆ. ಮೇಲಿನ ತಿಳಿಯನ್ನು ಮಾತ್ರ ಬಸಿದು ಬಟ್ಟೆಯಲ್ಲಿ ಸೋಸಬೇಕು. ಬಾಟಲಿಯ ಹಿಂದೆ ನ್ಯೂಸ್‌ಪೇಪರ್ ಹಿಡಿದರೆ ಅಕ್ಷರ ಕಾಣಬೇಕು. ನೀರು ಉಳಿದಿದೆಯಾ ಅಂತ ನೋಡಲು ಒಂದು ಚಮಚ ಎಣ್ಣೆಯನ್ನು ಒಗ್ಗರಣೆ ಸೌಟಿನಲ್ಲಿ ಬಿಸಿ ಮಾಡಿ. ಚಟಪಟ ಅಂದರೆ ನೀರಿದೆ, ಸುಮ್ಮನಿದ್ದರೆ ಇಲ್ಲ. ಮುಖ ದೂರ ಇಟ್ಟುಕೊಂಡು ಮಾಡಿ ಮತ್ತೆ.

ನೊರೆಯ ಕಥೆ ಅಲ್ಲಿಗೆ ಮುಗಿಯಿತು. ಹೊಗೆಯ ಕಥೆ ಮುಗಿಯಲಿಲ್ಲ. ಚಾರ್ಟಿನಲ್ಲಿ 230 ಇದ್ದದ್ದು ನಮ್ಮ ಬಾಣಲೆಯಲ್ಲಿ ಯಾಕೆ ಅಷ್ಟು ಬೇಗ ಹೊಗೆ ಬಿಟ್ಟಿತು?

ಬೆಂಗಳೂರಿಗೆ ಬಂದು 300 ಡಿಗ್ರಿ ತನಕ ತೋರಿಸುವ, ಕಡ್ಡಿ ಇರುವ ಅಡುಗೆ ಥರ್ಮಾಮೀಟರ್ ತರಿಸಿದೆ. ಒಂದು ಭಾನುವಾರ ಕಿಟಕಿ ಎಲ್ಲ ತೆಗೆದು, ಚಿಕ್ಕ ಸ್ಟೀಲ್ ಪಾತ್ರೆಯಲ್ಲಿ ಒಂದೊಂದು ಸಲಕ್ಕೆ ಅರ್ಧ ಲೋಟ ಎಣ್ಣೆ ಹಾಕಿ, ಮಧ್ಯಮ ಉರಿಯಲ್ಲಿ ಕಾಯಿಸಿದೆ. ಥರ್ಮಾಮೀಟರಿನ ತುದಿ ತಳಕ್ಕೆ ತಾಗಬಾರದು, ತಾಗಿದರೆ ಪಾತ್ರೆಯ ಬಿಸಿ ತೋರಿಸುತ್ತೆ. ಹಿಂದೆ ಕಪ್ಪು ಬಟ್ಟೆ ನೇತುಹಾಕಿ ಪಕ್ಕದಿಂದ ಫೋನಿನ ಟಾರ್ಚ್ ಹಿಡಿದರೆ ಮೊದಲ ತೆಳು ಹೊಗೆ ಎಳೆ ಚೆನ್ನಾಗಿ ಕಾಣುತ್ತೆ. ಆ ಎಳೆ ನಿಲ್ಲದೆ ಬರತೊಡಗಿದ ಕ್ಷಣ ಓದಿಕೊಂಡು ಗ್ಯಾಸ್ ಆಫ್. ಮುಚ್ಚಳ ಪಕ್ಕದಲ್ಲೇ ಇರಲಿ. ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಬೇಕು, ನೀರು ಹಾಕಬಾರದು.

ವಾರ ನಿಂತು ತಿಳಿಯಾದ ಗಾಣದ ಕಡಲೆಕಾಯಿ ಎಣ್ಣೆ 168ಕ್ಕೆ ಹೊಗೆ ಬಿಟ್ಟಿತು. ಅದೇ ಕಡಲೆಕಾಯಿಯ ರಿಫೈನ್ಡ್ ಎಣ್ಣೆ 226ಕ್ಕೆ. ರಿಫೈನ್ಡ್ ಸೂರ್ಯಕಾಂತಿ 221ಕ್ಕೆ. ದೊಡ್ಡಮ್ಮ ತೋಟದ ಕೊಬ್ಬರಿ ಕೊಟ್ಟು ಆಡಿಸಿದ ತೆಂಗಿನ ಎಣ್ಣೆ 174ಕ್ಕೆ. ಮನೆಯ ಪ್ರಯೋಗ ಇದು, ಹತ್ತು ಡಿಗ್ರಿ ಆಚೀಚೆ ಇರಬಹುದು. ಆದರೆ ಒಂದೇ ಕಾಳಿನ ಎರಡು ಎಣ್ಣೆ ನಡುವೆ ಸುಮಾರು ಅರವತ್ತು ಡಿಗ್ರಿ ವ್ಯತ್ಯಾಸ ಇದ್ದದ್ದು ಆಚೀಚೆ ಲೆಕ್ಕವಲ್ಲ.

ಚಾರ್ಟುಗಳು ಮೋಸ ಮಾಡುವುದು ಇಲ್ಲೇ. 'ಕಡಲೆಕಾಯಿ ಎಣ್ಣೆ 230' ಅಂತ ಬರೆದವರು ರಿಫೈನ್ಡ್ ಅನ್ನೋ ಮಾತು ಬಿಟ್ಟಿರುತ್ತಾರೆ. ಸ್ಮೋಕ್ ಪಾಯಿಂಟ್ ನಿರ್ಧಾರ ಆಗೋದು ಯಾವ ಕಾಳು ಅನ್ನುವುದಕ್ಕಿಂತ ಹೆಚ್ಚಾಗಿ ಆ ಎಣ್ಣೆಯಲ್ಲಿ ಎಷ್ಟು ಫ್ರೀ ಫ್ಯಾಟಿ ಆಸಿಡ್ ಇದೆ ಅನ್ನುವುದರ ಮೇಲೆ. ಎಣ್ಣೆಯ ಒಂದೊಂದು ಅಣುವೂ ಮೂರು ಕೊಬ್ಬಿನಾಮ್ಲ ಒಟ್ಟಿಗೆ ಕಟ್ಟಿಕೊಂಡಿರುವ ಕಂತೆ. ಕಂತೆಯಿಂದ ಬಿಚ್ಚಿಕೊಂಡು ಒಂಟಿಯಾದದ್ದು ಫ್ರೀ ಫ್ಯಾಟಿ ಆಸಿಡ್. ಒಂಟಿಯಾದದ್ದು ಹಗುರ, ಬೇಗ ಆವಿಯಾಗಿ ಹೊಗೆಯಾಗಿ ಮೇಲೇಳುತ್ತೆ. ನೂರಕ್ಕೆ ಒಂದು ಪಾಲು ಇದ್ದರೂ ಸಾಕು, ಹೊಗೆ 160ರ ಆಸುಪಾಸಿಗೆ ಇಳಿದುಬಿಡುತ್ತೆ.

ರಿಫೈನರಿಯಲ್ಲಿ ಮಾಡುವ ಮುಖ್ಯ ಕೆಲಸವೇ ಇದನ್ನು ತೆಗೆಯುವುದು. ಮೊದಲು ಅಂಟು ತೆಗೆಯುತ್ತಾರೆ. ಆಮೇಲೆ ಕ್ಷಾರ ಸೇರಿಸಿ ಒಂಟಿ ಆಮ್ಲವನ್ನು ಸೋಪು ಮಾಡಿ ಬೇರ್ಪಡಿಸುತ್ತಾರೆ. ಒಂದು ಬಗೆಯ ಜೇಡಿಮಣ್ಣಿನ ಮೂಲಕ ಹಾಯಿಸಿ ಬಣ್ಣ ತೆಗೆಯುತ್ತಾರೆ. ಕೊನೆಗೆ ಗಾಳಿ ಇಲ್ಲದ ಪಾತ್ರೆಯಲ್ಲಿ 200 ಡಿಗ್ರಿಗಿಂತ ಮೇಲೆ ಕಾಯಿಸಿ, ಹಬೆ ಹಾಯಿಸಿ ವಾಸನೆ ಹಾರಿಸುತ್ತಾರೆ. ಇಷ್ಟರಲ್ಲಿ ಕಡಲೆಕಾಯಿಯ ಘಮ ಹೋಗುತ್ತೆ, ವಿಟಮಿನ್ ಇ ಒಂದಷ್ಟು ಹೋಗುತ್ತೆ. ಹೊಗೆ ಮಾತ್ರ ಅರವತ್ತು ಡಿಗ್ರಿ ಮೇಲಕ್ಕೆ ಹೋಗುತ್ತೆ.

ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನಿಯಮದಲ್ಲೇ ಇದು ಕಾಣುತ್ತೆ. ಎಣ್ಣೆಯ ಹುಳಿಯನ್ನು ಅಳೆಯುವ 'ಆಸಿಡ್ ವ್ಯಾಲ್ಯೂ' ಅನ್ನುವ ಸಂಖ್ಯೆ ರಿಫೈನ್ಡ್ ಕಡಲೆಕಾಯಿ ಎಣ್ಣೆಗೆ ಸುಮಾರು ಅರ್ಧದೊಳಗಿರಬೇಕು. ಬರೀ ಹಿಂಡಿದ ಎಣ್ಣೆಗೆ 6ರ ತನಕ ಬಿಟ್ಟಿದ್ದಾರೆ. ಅಂದರೆ 1 ಇರುವ ಗಾಣದ ಎಣ್ಣೆಯೂ ಕಾನೂನಿಗೆ ಸರಿ, 5 ಇರುವುದೂ ಸರಿ. ಎರಡರ ಮೇಲೂ ಒಂದೇ 'ಶುದ್ಧ ಮರದ ಗಾಣ' ಲೇಬಲ್. ಬಾಣಲೆಯಲ್ಲಿ ಎರಡೂ ಬೇರೆ ಬೇರೆ ಎಣ್ಣೆ.

ಆ ವ್ಯತ್ಯಾಸ ಎಲ್ಲಿಂದ ಬರುತ್ತೆ? ಗಾಣದಿಂದ ಅಲ್ಲ, ಬೀಜದಿಂದ. ಮಳೆಗೆ ಸಿಕ್ಕ, ಸರಿಯಾಗಿ ಒಣಗದ, ಮುರಿದ, ಮುಗ್ಗಲು ಹಿಡಿದ ಬೀಜದಲ್ಲಿ ಕಂತೆ ಬಿಚ್ಚುವ ಕೆಲಸ ಮೂಟೆಯಲ್ಲೇ ಶುರುವಾಗಿರುತ್ತೆ. ಮುಗ್ಗಲು ಬೀಜಕ್ಕೆ ಇನ್ನೊಂದು ಅಪಾಯವೂ ಇದೆ. ಕಡಲೆಕಾಯಿಗೆ ಹಿಡಿಯುವ ಒಂದು ಬೂಷ್ಟು ಅಫ್ಲಟಾಕ್ಸಿನ್ ಅನ್ನುವ ವಿಷ ಬಿಡುತ್ತೆ, ಅದು ಲಿವರಿಗೆ ಕೆಟ್ಟದ್ದು. ರಿಫೈನಿಂಗಿನ ಕ್ಷಾರ ಮತ್ತು ಜೇಡಿಮಣ್ಣು ಅದನ್ನು ತೆಗೆದುಬಿಡುತ್ತವೆ. ಗಾಣ ತೆಗೆಯುವುದಿಲ್ಲ. ಬೀಜದ ಒಳ್ಳೆಯದು ಕೆಟ್ಟದ್ದು ಎರಡೂ ಗಾಣದ ಎಣ್ಣೆಯಲ್ಲಿ ಹಾಗೇ ಇಳಿಯುತ್ತೆ. ಹಾಗಾಗಿ ನಾನೀಗ ಗಾಣಕ್ಕೆ ಹೋದರೆ ಎಣ್ಣೆ ಕೇಳುವ ಮೊದಲು ಬೀಜದ ಮೂಟೆ ತೋರಿಸಿ ಅಂತೀನಿ. ಒಂದು ಹಿಡಿ ತೆಗೆದು ಸುಕ್ಕಿದ್ದು, ಕಪ್ಪಾದದ್ದು, ಬಿಳಿ-ಹಸಿರು ಬೂಷ್ಟಿನದು ಎಷ್ಟಿದೆ ನೋಡ್ತೀನಿ. ನಾಲ್ಕು ಬೀಜ ತಿಂದು ನೋಡ್ತೀನಿ, ಕಹಿ ಬಂದರೆ ವಾಪಸ್. ತೋರಿಸೋದಕ್ಕೆ ಹಿಂದೆ ಮುಂದೆ ನೋಡುವ ಗಾಣದಲ್ಲಿ ತಗೊಳ್ಳೋದಿಲ್ಲ.

ಬೆಲೆಯಿಂದಲೂ ಒಂದು ಲೆಕ್ಕ ಹಾಕಬಹುದು. ಒಂದು ಲೀಟರ್ ಗಾಣದ ಕಡಲೆಕಾಯಿ ಎಣ್ಣೆಗೆ ಹೆಚ್ಚುಕಮ್ಮಿ ಎರಡೂವರೆಯಿಂದ ಎರಡೂಮುಕ್ಕಾಲು ಕೆ.ಜಿ. ಬೀಜ ಬೇಕು. ಬೀಜ ಕೆ.ಜಿ.ಗೆ 140 ರೂಪಾಯಿ ಅಂತ ಇಟ್ಟುಕೊಳ್ಳಿ. 2.6 ಕೆ.ಜಿ.ಗೆ 364 ರೂಪಾಯಿ ಆಯಿತು. ಉಳಿದ ಒಂದೂವರೆ ಕೆ.ಜಿ. ಚಿಲ್ಲರೆ ಹಿಂಡಿ ದನಕ್ಕೆ ಮಾರಿ 70 ರೂಪಾಯಿ ಬಂತು ಅನ್ನಿ. ಕರೆಂಟು, ಕೂಲಿ, ಬಾಟಲಿ ಸೇರಿಸುವ ಮೊದಲೇ ಎಣ್ಣೆಗೆ 290ರ ಮೇಲೆ ಬಿತ್ತು. ಅಂಥ ದಿನ ಯಾರಾದರೂ 'ಗಾಣದ್ದು' ಅಂತ 220ಕ್ಕೆ ಕೊಟ್ಟರೆ ಒಂದೋ ಬೀಜ ಕೆಟ್ಟದ್ದು, ಇಲ್ಲಾ ಎಣ್ಣೆಗೆ ಬೇರೆ ಎಣ್ಣೆ ಸೇರಿದೆ. ಅವತ್ತಿನ ಬೀಜದ ರೇಟು ಹಾಕಿ ನೀವೇ ಗುಣಿಸಿ ನೋಡಿ.

ಸರಿ, ಹಾಗಾದರೆ ಕರಿಯಲು ಸ್ಮೋಕ್ ಪಾಯಿಂಟ್ ಜಾಸ್ತಿ ಇರುವ ಯಾವ ರಿಫೈನ್ಡ್ ಎಣ್ಣೆಯಾದರೂ ಆಗುತ್ತಾ? ನಾನು ಹಾಗೇ ಅಂದುಕೊಂಡಿದ್ದೆ. ತರೀಕೆರೆಯಲ್ಲಿರುವ ನಮ್ಮ ಸೋದರಮಾವ ನಕ್ಕರು. ಅವರದು ಸಂಜೆ ಮಂಡಕ್ಕಿ-ಮೆಣಸಿನಕಾಯಿ ಅಂಗಡಿ, ನಾಲ್ಕಕ್ಕೆ ಬಾಣಲೆ ಇಟ್ಟರೆ ಎಂಟರ ತನಕ ಉರಿ ಆರಲ್ಲ.

"ಸೂರ್ಯಕಾಂತಿ ನಾನೂ ಎರಡು ತಿಂಗಳು ಹಾಕ್ದೆ ಕಣಮ್ಮ. ಹೊಗೆ ಬರಲ್ಲ, ಸರಿ. ಆದ್ರೆ ಎರಡನೇ ದಿನಕ್ಕೇ ಬಾಣಲೆ ಅಂಚಲ್ಲಿ ಗೋಂದು ಹಿಡಿಯೋದು. ಉಜ್ಜಿ ಉಜ್ಜಿ ನಿಮ್ಮತ್ತೆ ಕೈ ಸೋತೋಯ್ತು."

ಆ ಗೋಂದೇ ಉತ್ತರ. ಹೊಗೆ ಬರುವುದು ಒಂದು ಬಗೆಯ ಕೆಡುವಿಕೆ ಮಾತ್ರ. ಹೊಗೆ ಬರದೇನೇ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಕೆಡುತ್ತೆ. ಮಾಮೂಲಿ ಸೂರ್ಯಕಾಂತಿ ಎಣ್ಣೆಯಲ್ಲಿ ನೂರಕ್ಕೆ ಅರವತ್ತರ ಹತ್ತಿರ ಲಿನೋಲಿಯಿಕ್ ಅನ್ನುವ ಕೊಬ್ಬಿನಾಮ್ಲ. ಇದು ದೇಹಕ್ಕೆ ಬೇಕಾದದ್ದೇ, ಆದರೆ ಬಿಸಿಯಲ್ಲಿ ಬಹಳ ಬೇಗ ಕೆಡುವಂಥದ್ದು. ಕೆಟ್ಟು ಒಂದಕ್ಕೊಂದು ಅಂಟಿಕೊಂಡು ಗೋಂದಾಗುತ್ತೆ, ಕಮಟು ವಾಸನೆಯ, ಒಳ್ಳೆಯದಲ್ಲದ ಪದಾರ್ಥಗಳೂ ಹುಟ್ಟುತ್ತವೆ. ಕಡಲೆಕಾಯಿಯಲ್ಲಿ ಅದು ಸುಮಾರು ಅರ್ಧದಷ್ಟು, ಹಾಗಾಗಿ ಇನ್ನೂ ಹೆಚ್ಚು ಹೊತ್ತು ತಡೆಯುತ್ತೆ. ತಾಳೆಯ ಪಾಮೋಲಿನ್‌ನಲ್ಲಿ ಇನ್ನೂ ಕಡಿಮೆ. ಅಂಗಡಿಯವರು ಅದನ್ನು ಹಾಕುವುದು ಬರೀ ಅಗ್ಗ ಅಂತಲ್ಲ, ತಾಳಿಕೆ ಬರುತ್ತೆ ಅಂತಲೂ. ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು ಅರ್ಧದ ಹತ್ತಿರ ಇರುತ್ತೆ, ಆದ್ದರಿಂದ ಮನೆಗೆ ದಿನನಿತ್ಯಕ್ಕೆ ತರುವ ಮಾತು ಬೇರೆ.

ಹೀಗೆ ನೋಡಿದರೆ ಕರಿಯುವ ಎಣ್ಣೆಗೆ ಎರಡು ಪರೀಕ್ಷೆ. ಒಂದು, ಕರಿಯುವ ಬಿಸಿಯಲ್ಲಿ ಹೊಗೆ ಬರಬಾರದು. ಎರಡು, ಆ ಬಿಸಿಯಲ್ಲಿ ಒಂದು ಗಂಟೆ ಕೂತರೂ ತಡೆಯಬೇಕು. ಗಾಣದ ಎಣ್ಣೆ ಮೊದಲನೆಯದರಲ್ಲಿ ಸೋತಿತು, ಸೂರ್ಯಕಾಂತಿ ಎರಡನೆಯದರಲ್ಲಿ. ಎರಡರಲ್ಲೂ ಪಾಸಾಗುವ, ನಮ್ಮ ಕಡೆ ಸುಲಭವಾಗಿ ಸಿಗುವ ಎಣ್ಣೆ ರಿಫೈನ್ಡ್ ಕಡಲೆಕಾಯಿ. ರಿಫೈನ್ಡ್ ಅಕ್ಕಿ ತೌಡಿನ ಎಣ್ಣೆಯೂ ಆಗುತ್ತೆ. ಆರೋಗ್ಯದ ಹೆಸರಲ್ಲಿ ಪ್ಯಾಕೆಟ್ಟನ್ನು ಬೈದಿದ್ದ ನಾನು ಈ ವಾಕ್ಯ ಬರೆಯುವಾಗ ಅಮ್ಮ ನೋಡಬಾರದು ಅಂತ ಆಸೆ.

ಮಾವನಿಂದ ಕಲಿತದ್ದು ಇನ್ನೂ ಇದೆ. ಮೆಣಸಿನಕಾಯಿ ಬೋಂಡಾ ಬಿಡುವಾಗ ಅವರ ಎಣ್ಣೆ 175-180ರಲ್ಲಿ ಇತ್ತು, ಥರ್ಮಾಮೀಟರ್ ಅದ್ದಿ ನೋಡಿದೆ. ಅವರು ನೋಡುವುದು ಒಂದು ಚಿಟಿಕೆ ಹಿಟ್ಟಿನಲ್ಲಿ. ಹಿಟ್ಟು ತಳಕ್ಕೆ ಹೋಗಿ ಎರಡು ಮೂರು ಸೆಕೆಂಡಿಗೆ ಮೇಲೆ ಬಂದರೆ ಸರಿ. ತಳದಲ್ಲೇ ಕೂತರೆ ಇನ್ನೂ ಕಾಯಬೇಕು. ಮುಳುಗದೆ ಮೇಲೇ ಕುಣಿದು ಕೆಂಪಾದರೆ ಜಾಸ್ತಿ ಆಯಿತು. ಆದರೆ ಒಂದು ಘಾಣ ತೆಗೆದು ಇನ್ನೊಂದು ಬಿಡುವ ನಡುವೆ ಗಿರಾಕಿ ಜೊತೆ ಮಾತಾಡುತ್ತಾ ನಿಂತರು ನೋಡಿ, ಎರಡೇ ನಿಮಿಷದಲ್ಲಿ 210 ದಾಟಿತು. ಹಿಟ್ಟಿನ ನೀರು ಎಣ್ಣೆಯನ್ನು ತಣ್ಣಗಿಡುತ್ತೆ. ಬಾಣಲೆ ಖಾಲಿಯಾದ ಕೂಡಲೇ ಬಿಸಿ ಓಡುತ್ತೆ. ಮನೆಯಲ್ಲಿ ಎಣ್ಣೆ ಹಾಳಾಗುವುದು ಬಹುಪಾಲು ಈ ಮಧ್ಯದ ಬಿಡುವಿನಲ್ಲಿ, ನಾವು ಮುಂದಿನ ಚಕ್ಕುಲಿ ಒತ್ತುತ್ತಾ ಕೂತಾಗ. ಆ ಹೊತ್ತಿನಲ್ಲಿ ಉರಿ ಸಣ್ಣ ಮಾಡಿ.

ಒಂದು ಸಲ ಕರಿದ ಎಣ್ಣೆ ಮೊದಲಿನ ಎಣ್ಣೆಯಲ್ಲ ಅನ್ನುವುದೂ ಥರ್ಮಾಮೀಟರಿನಲ್ಲಿ ಕಂಡಿತು. 226ಕ್ಕೆ ಹೊಗೆ ಬಿಟ್ಟಿದ್ದ ಅದೇ ರಿಫೈನ್ಡ್ ಕಡಲೆಕಾಯಿ ಎಣ್ಣೆ, ಮೂರು ಸಲ ಕರಿದ ಮೇಲೆ 190ಕ್ಕೇ ಹೊಗೆ ಬಿಟ್ಟಿತು. ತಿಂಡಿಯಿಂದ ಬರುವ ಹಬೆ ಪ್ರತಿ ಸಲ ಕಂತೆ ಬಿಚ್ಚುತ್ತಾ ಹೋಗುತ್ತೆ. ಉಪ್ಪು, ಹಿಟ್ಟಿನ ಚೂರು ಅದಕ್ಕೆ ಸಹಾಯ ಮಾಡುತ್ತವೆ. ಬೋಂಡಾ ಹಿಟ್ಟಿಗೆ ಹಾಕುವ ಸೋಡಾ ಇನ್ನೂ ಕೆಟ್ಟದ್ದು, ಅದು ಎಣ್ಣೆಯಲ್ಲಿ ಚೂರುಚೂರು ಸೋಪು ಮಾಡುತ್ತೆ, ನೊರೆ ಜಾಸ್ತಿ ಮಾಡುತ್ತೆ. ಹಿತ್ತಾಳೆ ಬಾಣಲೆಯ ತಾಮ್ರ ಎಣ್ಣೆಯನ್ನು ಬೇಗ ಕೆಡಿಸುತ್ತೆ, ಕರಿಯಲು ಸ್ಟೀಲೇ ವಾಸಿ.

ಹೋಟೆಲು, ಅಂಗಡಿಗಳಿಗೆ ಇದಕ್ಕೊಂದು ಗೆರೆ ಇದೆ. ಎಣ್ಣೆ ಕೆಟ್ಟು ಹುಟ್ಟುವ ಪದಾರ್ಥಗಳ ಒಟ್ಟು ಲೆಕ್ಕಕ್ಕೆ ಟೋಟಲ್ ಪೋಲಾರ್ ಕಾಂಪೌಂಡ್ಸ್ ಅಂತ ಹೆಸರು. ಅದು ನೂರಕ್ಕೆ 25 ದಾಟಿದ ಎಣ್ಣೆಯನ್ನು ಬಳಸುವಂತಿಲ್ಲ, 1 ಜುಲೈ 2018ರಿಂದ ಜಾರಿಯಲ್ಲಿದೆ. ಮನೆಯಲ್ಲಿ ಅಳೆಯುವ ಮೀಟರ್ ಇಲ್ಲ. ಮಾವ ನೋಡುವುದು ಇಷ್ಟು: ಗುಳ್ಳೆ ದೊಡ್ಡದಾಗಿ ಎದ್ದು ಒಡೆಯುತ್ತಿದ್ದರೆ ಎಣ್ಣೆ ಇನ್ನೂ ಇದೆ. ಸಣ್ಣ ಸಣ್ಣ ಗುಳ್ಳೆ ಒಡೆಯದೆ ತಿಂಡಿ ಸುತ್ತ ನೊರೆಯಾಗಿ ನಿಂತರೆ, ಸೌಟಿನಿಂದ ಬಿಟ್ಟಾಗ ಪಾಕದ ಹಾಗೆ ಎಳೆ ಬಂದರೆ, ಮಾಮೂಲಿ ಉರಿಯಲ್ಲೇ ಹೊಗೆ ಬಂದರೆ ಮುಗಿಯಿತು. ಬಣ್ಣ ಕಪ್ಪಾಗುವುದೊಂದೇ ಗುರುತಲ್ಲ, ಖಾರದ ಪುಡಿ ಹಾಕಿದ ಹಿಟ್ಟಾದರೆ ಒಳ್ಳೆ ಎಣ್ಣೆಯೂ ಕೆಂಪಗಾಗುತ್ತೆ. "ಹಳೇದಕ್ಕೆ ಹೊಸದು ಸುರಿಯೋದು ಮಾತ್ರ ಮಾಡ್ಬೇಡ" ಅಂದರು. "ಹಳೇದು ಹೊಸದಾಗಲ್ಲ, ಹೊಸದೂ ಹಳೇದಾಗುತ್ತೆ."

ನಾನು ಮಾಡುವುದು: ಕರಿದ ಎಣ್ಣೆಯನ್ನು ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ಚಿಕ್ಕ ಬಾಯಿಯ ಬಾಟಲಿಯಲ್ಲಿ ಕತ್ತಲಲ್ಲಿ ಇಟ್ಟು, ಒಂದು ವಾರದೊಳಗೆ ಪಲ್ಯ-ಒಗ್ಗರಣೆಗೆ ಮುಗಿಸ್ತೀನಿ. ಮತ್ತೆ ಕರಿಯಲು ಇಡುವುದಿಲ್ಲ. ಇಬ್ಬರೇ ಇರುವ ಮನೆಯಲ್ಲಿ ಇದಕ್ಕಾಗಿ ಚಿಕ್ಕ, ಆಳದ ಬಾಣಲೆ ತಗೊಳ್ಳೋದು ಒಳ್ಳೆಯದು. ಅರ್ಧ ಲೀಟರಿನಲ್ಲಿ ಕೆಲಸ ಆಗುತ್ತೆ.

ಇನ್ನು ಲೇಬಲ್. ಕಡೂರಿನಲ್ಲಿ ದೊಡ್ಡಮ್ಮನ ಜೊತೆ ಅಂಗಡಿಗೆ ಹೋದಾಗ ಇಡೀ ಸಾಲನ್ನು ಓದಿದೆ, ಅಂಗಡಿಯವರು ಕಳ್ಳಿ ಅಂದುಕೊಂಡಿರಬೇಕು. 'ಕೊಲೆಸ್ಟರಾಲ್ ಇಲ್ಲ' ಅಂತ ಹೃದಯದ ಚಿತ್ರದ ಪಕ್ಕ ಬರೆದಿರುತ್ತೆ. ಕೊಲೆಸ್ಟರಾಲ್ ಪ್ರಾಣಿಜನ್ಯ ಕೊಬ್ಬಿನ ವಿಷಯ, ಗಿಡದ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. ತೆಂಗಿನ ಎಣ್ಣೆಯಲ್ಲೂ ಇಲ್ಲ. ಆದರೆ ತೆಂಗಿನ ಎಣ್ಣೆಯಲ್ಲಿ ನೂರಕ್ಕೆ ತೊಂಬತ್ತರ ಹತ್ತಿರ ಸ್ಯಾಚುರೇಟೆಡ್ ಕೊಬ್ಬು, ಅದು ನಮ್ಮ ರಕ್ತದ ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತೆ. ಹಾಗಾಗಿ ಮುಂದಿನ ದೊಡ್ಡ ಅಕ್ಷರ ಬಿಟ್ಟು ಹಿಂದಿನ ಪಟ್ಟಿಯಲ್ಲಿ ಸ್ಯಾಚುರೇಟೆಡ್ ಎಷ್ಟು ಅಂತ ನೋಡಿ.

'ಡಬಲ್ ರಿಫೈನ್ಡ್', 'ಅಲ್ಟ್ರಾ ರಿಫೈನ್ಡ್', 'ಕೊಲೆಸ್ಟರಾಲ್ ಫೈಟರ್' ಇಂಥ ಮಾತುಗಳನ್ನು ಎಣ್ಣೆ ಪ್ಯಾಕೆಟಿನ ಮೇಲೆ ಬರೆಯುವುದೇ ನಿಯಮಕ್ಕೆ ವಿರುದ್ಧ. ಕಂಡರೆ ಆ ಪ್ಯಾಕೆಟ್ ಕೆಳಗಿಡಿ. 'ಪ್ಲಸ್ ಎಫ್' ಗುರುತು ಬೇರೆ, ಅದಕ್ಕೆ ಅರ್ಥ ಇದೆ: ವಿಟಮಿನ್ ಎ ಮತ್ತು ಡಿ ಸೇರಿಸಿದ ಎಣ್ಣೆ ಅಂತ.

ನಾನು ಮೋಸ ಹೋಗುವುದರಲ್ಲಿದ್ದದ್ದು ಇನ್ನೊಂದು ಪ್ಯಾಕೆಟಿನಲ್ಲಿ. ಮುಂದೆ ಕಡಲೆಕಾಯಿಯ ದೊಡ್ಡ ಚಿತ್ರ. ಹಿಂದೆ ಸಣ್ಣ ಅಕ್ಷರದಲ್ಲಿ 'ಬ್ಲೆಂಡೆಡ್ ಎಡಿಬಲ್ ವೆಜಿಟಬಲ್ ಆಯಿಲ್', ತೌಡಿನ ಎಣ್ಣೆ ನೂರಕ್ಕೆ 80, ಕಡಲೆಕಾಯಿ 20. ಬೆರೆಸುವುದು ಕಾನೂನುಬದ್ಧವೇ. ಬೆರಕೆ ಎಣ್ಣೆಯಲ್ಲಿ ಪ್ರತಿಯೊಂದೂ ಕನಿಷ್ಠ 20 ಇರಬೇಕು, ಪ್ರಮಾಣ ಬರೆದಿರಬೇಕು. ಕೆಟ್ಟ ಎಣ್ಣೆಯೂ ಅಲ್ಲ. ಆದರೆ ಕಡಲೆಕಾಯಿ ದುಡ್ಡು ಕೊಟ್ಟು ತೌಡು ತರಬೇಕಾ ಅನ್ನೋದು ನಿಮಗೆ ಬಿಟ್ಟದ್ದು. ಅಲ್ಲೇ ತೂಕವನ್ನೂ ನೋಡಿ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತೆ. ಒಂದು ಲೀಟರಿನಂತೆ ಕಾಣುವ ಕೆಲವು ಪ್ಯಾಕೆಟಿನಲ್ಲಿ 850 ಗ್ರಾಂ ಇರುತ್ತೆ. ರೇಟು ಹೋಲಿಸುವಾಗ ಗ್ರಾಂ ಲೆಕ್ಕ ಹಾಕಿ.

ಬಿಡಿ ಎಣ್ಣೆ ಮಾರುವುದು ನಿಯಮದಲ್ಲಿ ಇಲ್ಲ, ಆದರೆ ಗಾಣದಿಂದ ಕ್ಯಾನಿಗೆ ಹಾಕಿಸಿಕೊಳ್ಳೋದು ಎಲ್ಲ ಕಡೆ ನಡೀತಿದೆ, ನಾನೂ ಅದೇ ಮಾಡಿದ್ದೆ. ಈಗ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್, ಆಡಿದ ತಾರೀಕು ಬರೆದ ಬಾಟಲಿ ಕೇಳ್ತೀನಿ. ತಾರೀಕು ಮುಖ್ಯ, ಯಾಕೆಂದರೆ ಎಣ್ಣೆ ಎಷ್ಟು ದಿನ ತಿಳಿಗೆ ನಿಂತಿದೆ ಅಂತ ಅದರಿಂದಲೇ ಗೊತ್ತಾಗೋದು. ಸ್ವಂತ ಕಡಲೆಬೀಜ, ಕೊಬ್ಬರಿ ಇರುವವರು ತಾವೇ ಕೊಟ್ಟು ಮುಂದೆ ನಿಂತು ಆಡಿಸಿಕೊಂಡರೆ ಈ ತಲೆನೋವೇ ಇಲ್ಲ. ದೊಡ್ಡಮ್ಮ ಮಾಡೋದು ಅದೇ.

ಈಗ ನಮ್ಮ ಮನೆಯಲ್ಲಿ ಎರಡು ಬಾಟಲಿ. ಒಗ್ಗರಣೆ, ಪಲ್ಯ, ಚಿತ್ರಾನ್ನ, ದೋಸೆ ಹಂಚಿಗೆ ಗಾಣದ ಕಡಲೆಕಾಯಿ ಎಣ್ಣೆ. ಒಗ್ಗರಣೆಗೆ ಸಾಸಿವೆ ಸಿಡಿದ ಕೂಡಲೇ ಈರುಳ್ಳಿ ಬೀಳುತ್ತೆ, ಬಿಸಿ ಇಳಿಯುತ್ತೆ. ಎಣ್ಣೆ ಕಾದು ಹೊಗೆ ಬರುವ ತನಕ ಕಾಯುವ ಅಭ್ಯಾಸ ಬಿಟ್ಟರೆ ಅದಕ್ಕೆ 168 ಸಾಕು, ಘಮ ಊಟದಲ್ಲಿ ಉಳಿಯುತ್ತೆ. ಹಬ್ಬಕ್ಕೆ ಮಾತ್ರ ಒಂದು ಪ್ಯಾಕೆಟ್ ರಿಫೈನ್ಡ್ ಕಡಲೆಕಾಯಿ.

ಸಂಕ್ರಾಂತಿಗೆ ಊರಿಗೆ ಹೋದಾಗ ಅಮ್ಮನ ಕೈಯ ಕಲೆ ಇನ್ನೂ ತಿಳಿಗೆಂಪಾಗಿ ಕಾಣುತ್ತಿತ್ತು. ಎರಡೂ ಬಾಟಲಿ ಮುಂದಿಟ್ಟು, ಯಾವುದು ಯಾತಕ್ಕೆ ಅಂತ ಮುಚ್ಚಳದ ಮೇಲೆ ಮಾರ್ಕರಿನಲ್ಲಿ ಬರೆದೆ. ಅಮ್ಮ ಗಾಣದ ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. ಹಿಂದೆ ಗೋಡೆ ಮೇಲಿದ್ದ ಕ್ಯಾಲೆಂಡರಿನ ಅಂಕಿ ಕಾಣಿಸಿತು. "ಇದು ಸರಿ" ಅಂದು, ನಿಪ್ಪಟ್ಟಿಗೆ ರಿಫೈನ್ಡ್ ಪ್ಯಾಕೆಟ್ ಕತ್ತರಿಸಲು ಕತ್ತರಿ ಕೇಳಿದರು. ಬಾಣಲೆಗೆ ಅರ್ಧ ಮಾತ್ರ ಸುರಿದರು.